ಕೀಲಿ ಕೊಟ್ಟರೆ ಉರಿಯುವ ದೀಪ

ನಮ್ಮ ಮಾವ ಅಂಗಡಿ ಮುಚ್ಚುತ್ತೇನೆ ಅಂದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಅತ್ತೆ. "ಇವರು ಮನೇಲಿ ಕೂತರೆ ಗೋಡೆ ಗಡಿಯಾರದಿಂದ ಹಿಡಿದು ನನ್ನ ನಾಡಿವರೆಗೂ ಎಲ್ಲ ಬಿಚ್ಚಿ ನೋಡ್ತಾರೆ ಕಣೆ. ಏನಾದರೂ ಮಾಡು" ಅಂತ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು.

ತಮಾಷೆ ಮಾಡುತ್ತಿದ್ದರೂ ಅವರ ಕಣ್ಣಲ್ಲಿ ನೀರಿತ್ತು. ಮಾವನಿಗೆ ಆ ಅಂಗಡಿ ಅಂದರೆ ಜೀವ. ಅಂಗಡಿ ಅನ್ನುವುದೂ ಹೆಚ್ಚೇ. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ, ಅದರೊಳಗೆ ಒಂದು ಮೇಜು, ಒಂದು ಸ್ಟೂಲು, ಸುತ್ತ ಗಡಿಯಾರಗಳು. ಕರೆಂಟ್ ಇಲ್ಲ. ಎದುರಿನ ಖಾಲಿ ಜಾಗದಿಂದ ಬರುತ್ತಿದ್ದ ಬೆಳಕಿನಲ್ಲೇ ಅವರು ಜೀವನವಿಡೀ ಕೈಗಡಿಯಾರ ರಿಪೇರಿ ಮಾಡಿದ್ದರು. ಈಗ ಆ ಜಾಗದಲ್ಲಿ ದೊಡ್ಡ ಕಟ್ಟಡ ಎದ್ದು ಅಂಗಡಿಗೆ ಹಗಲಲ್ಲೂ ಕತ್ತಲು. ಮಾರುಕಟ್ಟೆಯಿಂದ ತಂದ ಎಮರ್ಜೆನ್ಸಿ ಲ್ಯಾಂಪು ಗೋಡೆಗೆಲ್ಲ ಬೆಳಕು ಚೆಲ್ಲುತ್ತಿತ್ತೇ ಹೊರತು ಗಡಿಯಾರದ ಹೊಟ್ಟೆಯೊಳಗೆ ಹಾಕುತ್ತಿರಲಿಲ್ಲ. ಮೊನ್ನೆ ಒಂದು ಚಿಕ್ಕ ಸ್ಕ್ರೂ ಕೆಳಗೆ ಬಿದ್ದು, ಅದನ್ನು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತಂತೆ. ಅಂಗಡಿಯಿದ್ದ ಹಳೇ ಕಟ್ಟಡದ ಮಾಲೀಕ ಮೊಬೈಲ್ ಕವರ್ ಮಾರುವವನೊಬ್ಬನಿಗೆ ಜಾಗ ಕೊಡಲು ಕಾದು ಕೂತಿದ್ದ. ಶನಿವಾರ ಬಂದು ಉತ್ತರ ಕೇಳುತ್ತೇನೆ ಅಂದಿದ್ದ.

ನನ್ನದು ಲ್ಯಾಪ್‌ಟಾಪ್ ರಿಪೇರಿ ಕೆಲಸ. ನನ್ನ ಅಂಗಡಿಯ ಮೂಲೆಯಲ್ಲಿ ಸತ್ತ ಬ್ಯಾಟರಿಗಳ ರಾಶಿಯೇ ಇದೆ. ಬ್ಯಾಟರಿ ಸತ್ತಿತು ಅಂತ ಜನ ಎಸೆಯುತ್ತಾರೆ, ಆದರೆ ಒಳಗಿರುವ ಸೆಲ್ಲುಗಳಲ್ಲಿ ಒಂದೆರಡು ಕೆಟ್ಟಿದ್ದರೂ ಇಡೀ ಪ್ಯಾಕು ಕೈಕೊಡುತ್ತದೆ; ಉಳಿದವು ಗಟ್ಟಿಮುಟ್ಟಾಗಿಯೇ ಇರುತ್ತವೆ. ಬಿಡುವಾದಾಗ ಅವನ್ನು ಹುಷಾರಾಗಿ ಬಿಡಿಸಿ ಪರೀಕ್ಷೆ ಮಾಡಿಡುವುದು ನನ್ನ ಹವ್ಯಾಸ. ಮೀಟರಿನಲ್ಲಿ ವೋಲ್ಟೇಜು ತೀರಾ ಕೆಳಗಿದ್ದರೆ ಅದನ್ನು ಮತ್ತೆ ಎಬ್ಬಿಸುವ ಗೋಜಿಗೇ ಹೋಗುವುದಿಲ್ಲ. ಎರಡೂ ತುದಿಗೆ ಟೇಪು ಸುತ್ತಿ, ಹಳೇ ಬ್ಯಾಟರಿ ತಗೊಳ್ಳುವವರ ಡಬ್ಬಕ್ಕೆ. ಉಳಿದವನ್ನು ಚಾರ್ಜು ಮಾಡುತ್ತೇನೆ. ಮಾಡುವಾಗ ಬಿಸಿಯಾದದ್ದೂ ಡಬ್ಬಕ್ಕೇ. ಪೂರ್ತಿ ಚಾರ್ಜಾಗಿ, ಕೆಲವು ವಾರ ಸುಮ್ಮನೆ ಇಟ್ಟರೂ ಇಳಿಯದೆ ನಿಂತದ್ದು ಮಾತ್ರ ನನ್ನ ಡ್ರಾಯರಿಗೆ. ವರ ನೋಡುವಾಗಲೂ ನಮ್ಮಮ್ಮ ಇಷ್ಟು ಸೋಸಿರಲಿಲ್ಲ.

ಗಡಿಯಾರದ ಒಳಕ್ಕೇ ಬೆಳಕು ಬೀಳುವಂಥ ಪುಟ್ಟ ದೀಪವೊಂದನ್ನು ಮಾವನಿಗೆ ಮಾಡಿಕೊಡೋಣ ಅಂತ, ಹೀಗೆ ಪಾಸಾದ ಒಂದು ಸೆಲ್ಲನ್ನು ಆರಿಸಿದೆ. ಡಬ್ಬಿಗಾಗಿ ಮಾವನೇ ಒಂದು ಹಳೇ ಅಲಾರಂ ಗಡಿಯಾರದ ಖಾಲಿ ಕವಚ ಕೊಟ್ಟರು. ಬೆನ್ನಲ್ಲಿ ಕೀಲಿ ಇನ್ನೂ ಹಾಗೇ ಇತ್ತು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಆ ಕಾವಿಗೆ ಅದು ಹಾಳಾಗುತ್ತದೆ. ಅದಕ್ಕೇ ಒಂದು ಹೋಲ್ಡರ್ ಕೂರಿಸಿ ಅದರಲ್ಲಿ ಸೆಲ್ ಸಿಕ್ಕಿಸಿದೆ. ಪಕ್ಕದಲ್ಲಿ ಬೆರಳ ತುದಿಯಷ್ಟು ಚಾರ್ಜರ್ ಬೋರ್ಡು. ಮೊಬೈಲ್ ಚಾರ್ಜರನ್ನೇ ಅದಕ್ಕೆ ಚುಚ್ಚಬಹುದು, ತುಂಬುವಾಗ ಕೆಂಪು, ತುಂಬಿದ ಮೇಲೆ ನೀಲಿ. ಅದೇ ಬೋರ್ಡಿನಲ್ಲಿ ಕಾವಲು ಸರ್ಕ್ಯೂಟೂ ಇದೆ. ಸೆಲ್ ತೀರಾ ಇಳಿದರೆ, ಅತಿಯಾಗಿ ಏರಿದರೆ, ಎಲ್ಲಾದರೂ ಶಾರ್ಟ್ ಆದರೆ ಗೇಟು ಹಾಕಿಬಿಡುತ್ತದೆ. ಎಲ್‌ಇಡಿಗಳಿಗೆ ಹೆಚ್ಚು ಕರೆಂಟು ಹರಿಯದಂತೆ ಒಂದೊಂದು ರೆಸಿಸ್ಟರ್ ಕೊಟ್ಟು, ಅವುಗಳ ವೈರನ್ನು ಸೆಲ್ಲಿಗಲ್ಲ, ಆ ಗೇಟಿನ ಆಚೆ ಬದಿಗೆ ಜೋಡಿಸಿದೆ. ದೀಪದ ತಲೆಯನ್ನು ಬಾಗುವ ಕೊಳವೆಯ ತುದಿಗೆ ಕೂರಿಸಿದೆ, ರಿಪೇರಿಗೆ ಬಂದ ಗಡಿಯಾರದ ಮೂತಿಗೇ ಇಣುಕುವಂತೆ.

ಮಂಗಳವಾರ ಬೆಳಿಗ್ಗೆ ಹೊತ್ತಿಸಿ ಅವರ ಕೈಗಿಟ್ಟೆ. ಮಾವ ಅದನ್ನು ಅಂಗೈ ಮೇಲೆ ಹಿಡಿದು ಗೆರೆಗಳನ್ನೆಲ್ಲ ನೋಡಿಕೊಂಡರು. "ಆಯುಷ್ಯದ ಗೆರೆ ಇಷ್ಟುದ್ದ ಇದೆ ಅಂತ ಇವತ್ತೇ ಗೊತ್ತಾಗಿದ್ದು" ಅಂದರು. ಆ ಸಂಜೆ ಅವರು ಶಿಳ್ಳೆ ಹಾಕುತ್ತ ಮನೆಗೆ ಬಂದರು. ಅತ್ತೆ ನನ್ನ ತಟ್ಟೆಗೆ ಎರಡು ಸಲ ಬಡಿಸಿದರು.

ಬುಧವಾರ ಸಂಜೆ ಶಿಳ್ಳೆ ಇರಲಿಲ್ಲ.

"ಉರೀಲಿಲ್ಲಮ್ಮ" ಅಂತ ದೀಪವನ್ನು ಮೇಜಿನ ಮೇಲಿಟ್ಟರು. ನಾನು ಚಾರ್ಜರ್ ಚುಚ್ಚಿ ಸ್ವಿಚ್ ಹಾಕಿದೆ. ಝಗ್ಗನೆ ಉರಿಯಿತು. ಚಾರ್ಜರ್ ಕಿತ್ತೆ, ಆಗಲೂ ಉರಿಯುತ್ತಲೇ ಇತ್ತು.

"ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ಲ ಮಾವ."

"ಇಲ್ಲಿ ಚೆನ್ನಾಗಿದೆ" ಅಂದರು ಅವರು.

ಗುರುವಾರ ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಮುನಿಸು, ಮನೆಯಲ್ಲಿ ನಗು. ಬೆಸುಗೆ ಸಡಿಲವಾಗಿರಬಹುದು ಅಂತ ಎಲ್ಲ ಹೊಸದಾಗಿ ಹಾಕಿದೆ. ಸ್ವಿಚ್ ಬದಲಿಸಿದೆ. ಸಮಾಧಾನವಾಗದೆ ಬೋರ್ಡನ್ನೇ ಬದಲಿಸಿ, ಚಾರ್ಜರ್ ಚುಚ್ಚಿ ನೋಡಿ, ಉರಿಯುವುದನ್ನು ಎಲ್ಲರಿಗೂ ತೋರಿಸಿ ಕೊಟ್ಟೆ. ಶುಕ್ರವಾರ ಸಂಜೆಯೂ ಮಾವ ಸಪ್ಪೆ ಮುಖ ಹೊತ್ತು ಬಂದರು.

"ನಿಮ್ಮ ಅಂಗಡಿ ಕಂಡರೆ ಅದಕ್ಕೂ ಬೇಜಾರು ಅನ್ಸತ್ತೆ ರೀ" ಅಂದರು ಅತ್ತೆ.

ಮಾವ ನಗಲಿಲ್ಲ. "ಬಿಡಮ್ಮ, ನೀನು ಕಷ್ಟಪಟ್ಟು ಮಾಡಿದೆ. ನಾಳೆ ಮಾಲೀಕರು ಬರ್ತಾರೆ, ಜಾಗ ಬಿಟ್ಟುಕೊಡ್ತೀನಿ ಅಂತೀನಿ. ನನಗೂ ವಯಸ್ಸಾಯ್ತು."

ನನಗೆ ಪಿತ್ತ ನೆತ್ತಿಗೇರಿತು. ದೀಪದ ಮೇಲೋ, ಮಾವನ ಮೇಲೋ, ನನ್ನ ಮೇಲೋ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ಇವರಿಗೇ ಅಂಗಡಿ ಸಾಕಾಗಿದೆ, ನೆಪಕ್ಕೆ ನನ್ನ ದೀಪದ ಮೇಲೆ ಗೂಬೆ ಕೂರಿಸುತ್ತಿದ್ದಾರೆ ಅಂತಲೂ ಅನ್ನಿಸಿತು. "ನಾಳೆ ನಾನೂ ಬರ್ತೀನಿ" ಅಂದೆ. "ನಾನೂ" ಅಂದರು ಅತ್ತೆ. ಅವರ ಕೈಯಲ್ಲಿ ಕೀಲಿ ಕೊಡುವ ಹಳೇ ಕೈಗಡಿಯಾರವೊಂದು ಸದಾ ಇರುತ್ತಿತ್ತು. ಅದು ನಿಂತು ಯಾವ ಕಾಲವಾಯಿತೋ. "ನೋಡೋಣ, ನಾಳೆ ಮಾಡಿಕೊಡ್ತೀನಿ" ಅನ್ನುತ್ತಲೇ ಮಾವ ಊರಿನವರ ಗಡಿಯಾರಗಳನ್ನೆಲ್ಲ ಮಾಡಿಕೊಟ್ಟಿದ್ದರು. ಅತ್ತೆ ಅದನ್ನು ಬಳೆಯ ಹಾಗೆ ಹಾಕಿಕೊಂಡು ಓಡಾಡುತ್ತಿದ್ದರು.

ಶನಿವಾರ ಅಂಗಡಿಯ ಬಾಗಿಲು ತೆಗೆದಾಗ ಒಳಗೆ ಕತ್ತಲೆ ಗವ್ವೆನ್ನುತ್ತಿತ್ತು. ಮಾವ ಸ್ಟೂಲಿನ ಮೇಲೆ ಕೂತು ದೀಪವನ್ನು ಎದುರಿಗಿಟ್ಟುಕೊಂಡರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು, ಅದರೊಳಗಿನ ಮೆತ್ತನೆ ಬಟ್ಟೆ ಬಿಡಿಸಿದರು.

"ಅದೇನು ಮಾವ?"

"ಸೆಲ್ಲು."

"ಯಾವ ಸೆಲ್ಲು?"

"ಇದರದ್ದೇ ಕಣಮ್ಮ. ರಾತ್ರಿ ತೆಗೆದಿಟ್ಟಿದ್ದೆ." ಹಲ್ಲುಜ್ಜಿದೆ ಅಂತ ಹೇಳುವ ಧಾಟಿಯಲ್ಲಿ ಹೇಳಿದರು.

"ದಿನಾ ತೆಗೀತೀರಾ?"

"ಮತ್ತೆ? ಕೆಲಸ ಇಲ್ಲದಾಗ ಸೆಲ್ ಒಳಗೆ ಬಿಡೋರುಂಟಾ? ಸೋರಿ ಒಳಗಿನದ್ದನ್ನೆಲ್ಲ ತಿಂದುಹಾಕತ್ತೆ. ಎಷ್ಟು ಒಳ್ಳೊಳ್ಳೆ ಗಡಿಯಾರ ಹಾಗೆ ಹಾಳಾಗಿರೋದು ನೋಡಿದೀನಿ ಗೊತ್ತಾ? ನೀನು ಇಷ್ಟು ಚೆಂದ ಮಾಡಿಕೊಟ್ಟಿದ್ದನ್ನ ಹಾಳು ಮಾಡೋಕಾಗತ್ತಾ?"

ನಾನು ಗೋಡೆಗೆ ಒರಗಿ ನಗಲು ಶುರುಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆಗೆ ಏನೂ ಅರ್ಥವಾಗದಿದ್ದರೂ ನನ್ನ ಜೊತೆ ನಕ್ಕರು.

ವಿಷಯ ಇಷ್ಟೇ. ಆ ಕಾವಲು ಸರ್ಕ್ಯೂಟಿಗೆ ಒಂದು ಚಾಳಿ ಇದೆ. ಸೆಲ್ ತೆಗೆದು ಮತ್ತೆ ಹಾಕಿದರೆ ಅದು ಕೆಲವು ಸಲ ಗೇಟು ಮುಚ್ಚಿಕೊಂಡೇ ಕೂತಿರುತ್ತದೆ, ಚಾರ್ಜರ್ ಬಂದು ತಟ್ಟಿದರೆ ಮಾತ್ರ ತೆರೆಯುತ್ತದೆ. ನಾನು ಕೊಟ್ಟ ಎರಡು ಬೋರ್ಡುಗಳೂ ಅಂಥವೇ. ಮಾವನ ಅಂಗಡಿಯಲ್ಲಿ ಕರೆಂಟೇ ಇಲ್ಲ, ಚಾರ್ಜರ್ ಎಲ್ಲಿಂದ ಬರಬೇಕು? ಇನ್ನು ನಾನೋ, ಯಾವುದೇ ಸಾಮಾನು ಕೈಗೆ ಬಂದರೂ ಮೊದಲು ಚಾರ್ಜರ್ ಚುಚ್ಚುವವಳು. ನಮ್ಮ ಕಸುಬಿನಲ್ಲಿ ಅದು ಕೈಗೆ ಅಂಟಿದ ಅಭ್ಯಾಸ. ಮಾವ ಪ್ರತಿ ರಾತ್ರಿ ತಮ್ಮ ಅಭ್ಯಾಸದಿಂದ ದೀಪವನ್ನು ಮಲಗಿಸುತ್ತಿದ್ದರು, ನಾನು ಪ್ರತಿ ಸಂಜೆ ನನ್ನ ಅಭ್ಯಾಸದಿಂದ ಎಬ್ಬಿಸುತ್ತಿದ್ದೆ. ಚುಚ್ಚದೆ ಒಂದೇ ಒಂದು ಸಲ ಸ್ವಿಚ್ ಹಾಕಿ ನೋಡಿದ್ದರೆ ಬುಧವಾರವೇ ಗೊತ್ತಾಗುತ್ತಿತ್ತು. ನೆಪ ಹುಡುಕುತ್ತಿದ್ದಾರೆ ಅಂತ ಆ ಮನುಷ್ಯನನ್ನು ಅನುಮಾನಿಸಿದೆನಲ್ಲ ಅಂತ ಮುಖ ಬಿಸಿಯಾಯಿತು.

"ಮಾವ, ಸೆಲ್ ಹಾಕಿ. ನಿಮ್ಮ ಚಿಮುಟ ಕೊಡಿ."

ಬೆನ್ನಿನ ಮುಚ್ಚಳ ತೆರೆದೇ ಇತ್ತು. ಬೋರ್ಡಿನ ಎರಡು ಮೈನಸ್ ಬಿಂದುಗಳನ್ನು, ಸೆಲ್ಲಿನ ಕಡೆಯದ್ದು ಮತ್ತು ದೀಪದ ಕಡೆಯದ್ದು, ಚಿಮುಟದ ತುದಿಯಿಂದ ಒಂದು ಚಣ ಸೇರಿಸಿದೆ. ಗೇಟು ತೆರೆಯಿತು. ಮೇಜು, ಸ್ಪ್ರಿಂಗುಗಳು, ಮೂರು ಜನರ ಕೈಗಳು ಎಲ್ಲ ಬೆಳ್ಳಗೆ ಕಂಡವು. ಮಾವ ಚಿಮುಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆಲ್ ಕಿತ್ತು, ಮತ್ತೆ ಹಾಕಿ, ತಾವೇ ಮುಟ್ಟಿಸಿ ಹೊತ್ತಿಸಿದರು.

"ಈ ಜಾತಿ ಸೆಲ್ಲು ಗಡಿಯಾರದ ಸೆಲ್ಲಿನ ಹಾಗೆ ಸೋರಲ್ಲ ಮಾವ. ಒಳಗೇ ಬಿಡಬಹುದು" ಅಂದೆ.

"ಹೂಂ" ಅಂದರು. ಆ ಹೂಂಗೆ ಎಳ್ಳಷ್ಟೂ ಬೆಲೆಯಿಲ್ಲ ಅಂತ ನನಗೂ ಅತ್ತೆಗೂ ಗೊತ್ತಿತ್ತು. ಅದಕ್ಕೇ ನನ್ನ ಚೀಲದಿಂದ ಬೆಸುಗೆ ಸಾಮಾನು ತೆಗೆದೆ. ಗ್ಯಾಸಿನಲ್ಲಿ ಕಾಯುವ ಪುಟ್ಟ ಕಡ್ಡಿಯೊಂದು ಯಾವಾಗಲೂ ಜೊತೆಯಲ್ಲಿರುತ್ತದೆ. ಸೆಲ್ ಹೊರಗಿಡಿಸಿ, ಆ ಎರಡು ಬಿಂದುಗಳಿಂದ ಎರಡು ವೈರು ಎಳೆದು, ಒಂದು ಒತ್ತುವ ಗುಂಡಿಗೆ ಜೋಡಿಸಿದೆ. ಗುಂಡಿಯನ್ನು ಎಲ್ಲಿ ಕೂರಿಸುವುದು ಅಂತ ನಾನು ಯೋಚಿಸುವಷ್ಟರಲ್ಲಿ ಮಾವ ಅಲಾರಮ್ಮಿನ ಹಳೇ ಕೀಲಿಯ ಮೇಲೆ ಬೆರಳಿಟ್ಟಿದ್ದರು. ಅದರ ದಂಡವನ್ನು ಅರದಿಂದ ಉಜ್ಜಿ, ಅಳತೆ ನೋಡಿ, ಮತ್ತೆ ಉಜ್ಜಿ, ಕೀಲಿ ಒತ್ತಿದರೆ ಗುಂಡಿ ಒತ್ತುವಂತೆ ಅವರೇ ಕೂರಿಸಿದರು. ಸೆಲ್ ಹಾಕಿ ಒತ್ತಿದರು.

"ನೋಡಿದ್ಯಾ" ಅಂದರು ಅತ್ತೆಗೆ, ಉರಿಯುವ ದೀಪ ತೋರಿಸುತ್ತ. "ಬೆಳಿಗ್ಗೆ ಕೀಲಿ ಕೊಟ್ಟರೆ ಆಯ್ತು, ಸಂಜೆವರೆಗೆ ಓಡತ್ತೆ. ಇದೂ ನಮ್ಮ ಜಾತೀದೇ."

ಹೊರಗೆ ಚಪ್ಪಲಿಯ ಸದ್ದಾಯಿತು. ಮಾಲೀಕ ಬರುತ್ತಿದ್ದ. ಮಾವ ಸರಕ್ಕನೆ ಅತ್ತೆಯತ್ತ ಕೈ ಚಾಚಿದರು.

"ನಿನ್ನ ವಾಚು ಕೊಡು."

"ಈಗಲಾ?"

"ಕೊಡೇ, ಬೇಗ."

ಮಾಲೀಕ ಬಗ್ಗಿ ಒಳಗೆ ಇಣುಕುವ ಹೊತ್ತಿಗೆ ಅತ್ತೆಯ ಗಡಿಯಾರದ ಬೆನ್ನು ಬಿಚ್ಚಿಕೊಂಡಿತ್ತು. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದೀಪದ ಕತ್ತು ಬಾಗಿಸಿ, ಒಂದೊಂದೇ ಚಕ್ರ ಎತ್ತಿ ಬಟ್ಟೆಯ ಮೇಲೆ ಇಡುತ್ತಿದ್ದರು. ಒಂದೂ ಕೈ ಜಾರಲಿಲ್ಲ.

"ಏನು ಯೋಚನೆ ಮಾಡಿದ್ರಿ ಯಜಮಾನ್ರೇ? ಖಾಲಿ ಮಾಡ್ತೀರಲ್ಲ?"

"ಆಗಲ್ಲ ಸ್ವಾಮಿ" ಅಂದರು ಮಾವ, ತಲೆ ಎತ್ತದೆ. "ಅರ್ಜೆಂಟ್ ಕೆಲಸ ಹಿಡಿದಿದೀನಿ. ಗಿರಾಕಿ ಎದುರಿಗೇ ನಿಂತಿದಾರೆ, ನೋಡಿ."

ಮಾಲೀಕ ಅತ್ತೆಯನ್ನು ನೋಡಿದ, ದೀಪವನ್ನು ನೋಡಿದ. "ಎಷ್ಟು ದಿನದ ಕೆಲಸ?" ಅಂತ ಕೇಳಿದ.

ಮಾವ ಉತ್ತರ ಕೊಡಲು ಬಾಯಿ ತೆಗೆದರು. ಅಷ್ಟರಲ್ಲಿ, ಅಷ್ಟು ವರ್ಷ ಆ ಗಡಿಯಾರಕ್ಕಾಗಿ ಕಾದಿದ್ದ ಅತ್ತೆ ಬರಿದಾದ ಮಣಿಕಟ್ಟನ್ನು ಸವರಿಕೊಳ್ಳುತ್ತ ಹೇಳಿದರು, "ನನಗೇನೂ ಅವಸರ ಇಲ್ಲ ರೀ. ನಿಧಾನಕ್ಕೆ ಮಾಡಿ."