ಬೆನ್ನಿಗೆ ಬೆನ್ನು ಕೊಟ್ಟ ಪಂಕ್ತಿ

ಅಣ್ಣನ ಮಗಳ ಮದುವೆಯಲ್ಲಿ ಊಟಕ್ಕೆ ಕೂರಿಸುವ ಹೊಣೆ ರಾಮಾಂಜಿನಪ್ಪನ ತಲೆಗೆ ಬಿದ್ದಿತ್ತು. ಅವನು ಸಾಸಲಿನ ಸೊಸೈಟಿಯ ಕಾರ್ಯದರ್ಶಿ. ಸಭೆಯಲ್ಲಿ ಕುರ್ಚಿ ಹಾಕಿಸಿ ರೂಢಿಯಿರುವವನಿಗೆ ಚಾಪೆ ಹಾಸುವುದೇನು ಮಹಾ, ಎಂಬುದು ಮನೆಯವರ ಲೆಕ್ಕಾಚಾರ. ಆ ಕುರ್ಚಿಗಳ ಮೇಲೆ ಕೂತವರು ಒಬ್ಬರಿಗೊಬ್ಬರು ಬೀಗರಾಗಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ತೊಡಕಿದ್ದದ್ದು ಇಬ್ಬರು ಮುದುಕರದ್ದು. ಒಬ್ಬರು ಚಿಕ್ಕವೆಂಕಟಪ್ಪ, ರಾಮಾಂಜಿನಪ್ಪನ ಸ್ವಂತ ಚಿಕ್ಕಪ್ಪ. ಇನ್ನೊಬ್ಬರು ಬೈಲಪ್ಪ, ಅತ್ತಿಗೆಯ ಚಿಕ್ಕಪ್ಪ. ಘಾಟಿ ಜಾತ್ರೆಯಲ್ಲಿ ಒಬ್ಬರು ಮಾತಾಡಿಟ್ಟ ಜೋಡೆತ್ತನ್ನು ಇನ್ನೊಬ್ಬರು ಹೊಡೆದುಕೊಂಡು ಹೋದ ದಿನದಿಂದ ಮಾತು ನಿಂತಿತ್ತು. ಗಂಡಿನ ಕಡೆಯವರ ಜೊತೆ ಮೊದಲ ಪಂಕ್ತಿಯಲ್ಲಿ, ಅದೂ ಸಾಲಿನ ತಲೆಯಲ್ಲಿ ಕೂರುವ ಹಕ್ಕು ಇಬ್ಬರಿಗೂ ಇತ್ತು. ಎರಡನೇ ಪಂಕ್ತಿ ಎಂದರೆ ಅವಮಾನ. ಒಂದೇ ಸಾಲು ಎಂದರೆ ಇಬ್ಬರೂ ಏಳುತ್ತಾರೆ. ಎದುರುಬದುರು ಕೂರಿಸಿದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ರಾಮಾಂಜಿನಪ್ಪ ಚಪ್ಪರದ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಕೊನೆಗೆ ಗಂಡಸರ ಎರಡು ಸಾಲನ್ನು ಬೆನ್ನಿಗೆ ಬೆನ್ನು ಬರುವಂತೆ ಹಾಕಿದ. ಎರಡರ ತಲೆಯೂ ಅಡಿಗೆ ಮನೆಯ ಕಡೆ. ಹೊರಬದಿಯಲ್ಲಿ ಬಡಿಸುವವರು ಓಡಾಡಲು ದಾರಿ, ಸಾಲಿಗೊಂದು ಬಕೆಟ್ಟು, ಇಬ್ಬರು ಹಿರಿಯರ ಎಲೆಗೂ ಒಂದೇ ಗಳಿಗೆಗೆ ಸೌಟು. ಹೆಂಗಸರ ಸಾಲು ಆಚೆ ಗೋಡೆಯ ಬದಿಗೆ.

ಅಡಿಗೆಯ ಬೈರಣ್ಣ ಬಂದು ನೋಡಿದ. “ಚೆನ್ನಾಗೈತೆ ಕಣಣ್ಣ. ಆದ್ರೆ ಚಿಕ್ಕವೆಂಕಟಪ್ಪನೋರಿಗೆ ಹಲ್ಲಿಲ್ಲ. ಅವರು ಉಂಡು ಏಳೋ ಹೊತ್ಗೆ ನನ್ ಒಲೆ ಆರೋಗ್ತದೆ.”

“ಅದಕ್ಕೇ ಎರಡನೇ ಪಂಕ್ತಿ ಸಾರು ತಡವಾಗಿ ಬಿಸಿ ಮಾಡು,” ಎಂದ ರಾಮಾಂಜಿನಪ್ಪ. ಎಲ್ಲವನ್ನೂ ಯೋಚಿಸಿದ್ದೇನೆ ಎಂಬ ಹೆಮ್ಮೆ ಆಗಲೇ ದನಿಯಲ್ಲಿತ್ತು.

ಮುಹೂರ್ತ ಮುಗಿಯಿತು, ಎಲೆ ಬಿತ್ತು. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ತೊವ್ವೆ. ತುಪ್ಪ ಬಿದ್ದ ಮೇಲೆ ಹಿರಿಯರಿಬ್ಬರೂ ಕೈಯಿಟ್ಟರು, ಸಾಲುಗಳೂ ಕೈಯಿಟ್ಟವು. ರಾಮಾಂಜಿನಪ್ಪ ಕಂಬಕ್ಕೊರಗಿ ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟ.

ಆಗ ಅವನಿಗೆ ಕಂಡದ್ದು ಹಲ್ಲಿಲ್ಲದ ಚಿಕ್ಕಪ್ಪ ಗಬಗಬ ನುಂಗುತ್ತಿದ್ದದ್ದು.

ಪಂಕ್ತಿಯಿಂದ ಮೊದಲು ಏಳುವವರು ಹಿರಿಯರು. ಅವರು ಎದ್ದ ಮೇಲೆ ಉಳಿದವರು ಕೂತಿರುವಂತಿಲ್ಲ. ಒಂದೇ ತಲೆಯಿದ್ದರೆ ಗೊಡವೆಯಿಲ್ಲ. ರಾಮಾಂಜಿನಪ್ಪ ಎರಡು ತಲೆ ಮಾಡಿಟ್ಟಿದ್ದ. ಬೆನ್ನ ಹಿಂದೆ ಕೂತವನು ಮೊದಲು ಎದ್ದರೆ ತಾನು ಕಿರಿಯನಾದಂತೆ, ಎಂದು ಇಬ್ಬರೂ ಲೆಕ್ಕ ಹಾಕಿಯಾಗಿತ್ತು. ಬೈಲಪ್ಪ ಒಬ್ಬಟ್ಟು ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬೆನ್ನ ಹಿಂದಿನ ಸದ್ದು ಆಲಿಸಿ ಚಿಕ್ಕವೆಂಕಟಪ್ಪ ಪಾಯಸವನ್ನೂ ಬೇಡ ಎಂದರು.

“ಚಿಕ್ಕಪ್ಪ, ನಿಧಾನಕ್ಕೆ ಉಣ್ಣು. ಬೀಗರಿಗೆ ಇನ್ನೂ ಒಬ್ಬಟ್ಟೇ ಬಿದ್ದಿಲ್ಲ,” ಎಂದು ರಾಮಾಂಜಿನಪ್ಪ ಕಿವಿಯಲ್ಲಿ ಉಸುರಿದ.

“ನಂಗೆ ಹೊಟ್ಟೆ ತುಂಬ್ತು ಕಣ್ಲಾ,” ಎಂದು ಅವರು ಎದ್ದರು. ಅದೇ ಕ್ಷಣಕ್ಕೆ ಬೈಲಪ್ಪನೂ ಎದ್ದರು.

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಮಜ್ಜಿಗೆ ಬಂದಿಲ್ಲ, ಒಬ್ಬಟ್ಟಿನ ಬುಟ್ಟಿ ಸಾಲಿನ ಅರ್ಧಕ್ಕೂ ಮುಟ್ಟಿಲ್ಲ. ಆದರೂ ಮರ್ಯಾದಸ್ಥರು, ಒಬ್ಬೊಬ್ಬರಾಗಿ ಮೊಣಕಾಲಿಗೆ ಕೈ ಊರತೊಡಗಿದರು. ಬೀಗರನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿದ ಮನೆಯ ಹುಡುಗಿ ಅಂತ ಅಣ್ಣನ ಮಗಳು ಗಂಡನ ಊರಲ್ಲಿ ಎಷ್ಟು ವರ್ಷ ಮಾತು ಕೇಳಬೇಕೋ!

“ಯಾರ್ಲಾ ಅದು ಎದ್ದಿದ್ದು?” ಗೋಡೆಯ ಬದಿಯಿಂದ ದನಿ ಬಂತು. ಮದುಮಗನ ಅಜ್ಜಿ ಅಕ್ಕಯಮ್ಮ ಒಬ್ಬಟ್ಟು ಮುರಿಯುತ್ತಿದ್ದರು. “ಇಲ್ಲಿ ಎಲ್ಲಾರಿಗಿಂತ ದೊಡ್ಡೋಳು ನಾನು. ನಾನಿನ್ನೂ ಉಣ್ತಾ ಇವ್ನಿ. ಕೂತ್ಕಳ್ರಿ ಎಲ್ಲಾ.”

ಅರ್ಧ ಎದ್ದಿದ್ದ ಬೀಗರು ಸಂತೋಷದಿಂದ ಕೂತರು. ಬುಟ್ಟಿ ಮುಂದೆ ಸಾಗಿತು. ಎಲೆ ದಾಟಿ ಹೋಗಿದ್ದ ಮುದುಕರಿಬ್ಬರಿಗೆ ಮಾತ್ರ ಮತ್ತೆ ಆ ಎಲೆಗೆ ಕೂರುವಂತಿರಲಿಲ್ಲ. ನೀರಿನ ಹಂಡೆಯ ಹತ್ತಿರ, ಅರೆಹೊಟ್ಟೆಯಲ್ಲಿ, ಒದ್ದೆ ಕೈ ಹಿಡಿದು ನಿಂತರು.

“ಎರಡನೇ ಪಂಕ್ತೀಲಿ ಹಾಕ್ಲಾ?” ಎಂದು ರಾಮಾಂಜಿನಪ್ಪ ಕೇಳಿದ. “ವಾಲಗದೋರ ಜೊತೆ. ನಡೂ ಸಾಲಲ್ಲಿ ಎರಡು ಎಲೆ ಐತೆ, ಅಕ್ಕಪಕ್ಕ. ಬೇರೆ ಜಾಗ ಇಲ್ಲ.”

ಇಬ್ಬರೂ ಅವನನ್ನೇ ದಿಟ್ಟಿಸಿದರು.

“ಏನಪ್ಪಾ, ಹಿರೀಕರನ್ನ ಕೂರ್ಸೋದು ಹಿಂಗೇನು?” ಎಂದರು ಬೈಲಪ್ಪ.

“ಸೊಸೈಟೀನೂ ಹಿಂಗೇ ನಡೆಸ್ತಾನೆ,” ಎಂದರು ಚಿಕ್ಕವೆಂಕಟಪ್ಪ. ಬೈಲಪ್ಪನಿಗೇ ಹೇಳಿದರು.

“ಹೌದಾ? ಗೊಬ್ಬರ ಕೊಡೋದು ತಡ ಅಂತ ನಾನೂ ಕೇಳಿದ್ದೆ.”

“ತಡ ಅಂದ್ರೆ? ಬಿತ್ತನೆ ಮುಗಿದ್ ಮೇಲೆ ಬರ್ತದೆ, ಬಾ ಕೂತ್ಕ.”

ನಡು ಸಾಲಿನಲ್ಲಿ ಅಕ್ಕಪಕ್ಕ ಕೂತು, ಒಬ್ಬಟ್ಟಿನ ಸಾರು ಸುರಿದುಕೊಳ್ಳುತ್ತ, ಇಬ್ಬರೂ ಅವನ ಕಾರ್ಯದರ್ಶಿಗಿರಿಯ ಚರ್ಮ ಸುಲಿದರು. ಆತುರವೇ ಇರಲಿಲ್ಲ. ವಾಲಗದವರು ಎಲೆ ಬರಿದು ಮಾಡಿ, ಹಿರಿಯರು ಏಳಲೆಂದು ಕಾದು ಕೂತಿದ್ದರು. ಆಚೆ ಮೂರನೇ ಪಂಕ್ತಿಯವರು ಚಪ್ಪರದ ಬಾಗಿಲಲ್ಲಿ ನೂಕಾಡುತ್ತಿದ್ದರು.

“ರಾಮಾಂಜಿ,” ಎಂದರು ಚಿಕ್ಕಪ್ಪ, “ಬೈಲಪ್ಪನೋರಿಗೆ ಇನ್ನೊಂದ್ ಸ್ವಲ್ಪ ಅನ್ನ ಹಾಕ್ಸು. ನಿಂಗೆ ಇದೂ ಹೇಳ್ಕೊಡ್ಬೇಕಾ?”

ಬೆಳಗಿನಿಂದ ಏನೂ ತಿನ್ನದ ರಾಮಾಂಜಿನಪ್ಪ ಬಕೆಟ್ಟು ಹುಡುಕಿಕೊಂಡು ಹೋದ.