ಮೂವತ್ತು ದಿನದ ಕೊಟೇಶನ್

ಐದು ಮಹಡಿಗೂ ನೀರು ಹತ್ತಿಸುವ ರೈಸರ್ ಪೈಪುಗಳು ತುಕ್ಕು ತಿಂದಿವೆ, ಅಷ್ಟನ್ನೂ ಬದಲಿಸಬೇಕು ಎಂದು ಪ್ಲಂಬಿಂಗ್ ಕಂಟ್ರಾಕ್ಟರು ಕೊಟೇಶನ್ ಬರೆದು ತಂದಿದ್ದ. ಅಪಾರ್ಟ್‌ಮೆಂಟ್ ಸೊಸೈಟಿಯ ಅಧ್ಯಕ್ಷರು ಓದಿ ಮೂಗು ಮುರಿದರು. ಅವನನ್ನು ಪಂಪ್ ರೂಮಿಗೆ ಕರೆದೊಯ್ದರು.

"ಹಳೇ ಕಾಲದ ಕಬ್ಬಿಣ ಕಣಯ್ಯ. ಇನ್ನೂ ಹತ್ತು ವರ್ಷ ಜಗ್ಗಲ್ಲ," ಎಂದು ಪೈಪಿಗೆ ಗೆಣ್ಣಿನಿಂದ ಕುಟ್ಟಿದರು.

"ಕುಟ್ಟಬೇಡಿ ಸಾರ್," ಎನ್ನುವಷ್ಟರಲ್ಲಿ ತುಕ್ಕಿನ ಹಕ್ಕಳೆ ಉದುರಿ, ನೀರು ಚಿಮ್ಮಿ ಅವರ ಕನ್ನಡಕ ತೊಳೆಯಿತು. ಅಧ್ಯಕ್ಷರು ತೂತಿಗೆ ಹೆಬ್ಬೆರಳು ಒತ್ತಿ ನಿಂತರು. ಕಂಟ್ರಾಕ್ಟರು ಪಂಪ್ ಆರಿಸಿದ. ಆದರೂ ಪೈಪಿನಲ್ಲಿ ನಿಂತಿದ್ದ ಐದು ಮಹಡಿಯ ನೀರಿನ ಭಾರ ಆ ಬೆರಳ ಮೇಲೇ ಇತ್ತು.

"ಕೆಲಸ ಯಾವಾಗ ಶುರು ಮಾಡ್ತೀಯಪ್ಪಾ?" ಅಧ್ಯಕ್ಷರ ದನಿ ಮೆತ್ತಗಾಗಿತ್ತು.

ಅವನು ಒದ್ದೆ ಕೊಟೇಶನ್ನನ್ನು ಅಂಗಿಗೆ ಒರೆಸಿ ಕೊನೆಯ ಸಾಲು ತೋರಿಸಿದ.

"ಅವಸರ ಇಲ್ಲ ಸಾರ್. ಮೂವತ್ತು ದಿನ ರೇಟು ಬದಲಾಗಲ್ಲ. ಹೀಗೇ ನಿಂತ್ಕೊಂಡು ನಿಧಾನವಾಗಿ ಯೋಚನೆ ಮಾಡಿ."