ಒಳ್ಳೇದಾಯ್ತು ಬಿಡಿ

ಬ್ಯಾಂಕಿನ ಫೋನಿಗೆ ಗುಣ ಕೊಡುವುದು ಅವಳ ಕೆಲಸ. ನಗಬೇಡಿ, ಅಂಥದ್ದೊಂದು ಕೆಲಸವಿದೆ, ಅದಕ್ಕೆ ಸಂಬಳವೂ ಇದೆ. ಸಹಾಯವಾಣಿಗೆ ಕರೆ ಮಾಡಿದರೆ ಎತ್ತುವ ಯಂತ್ರ ಏನು ಹೇಳಬೇಕು, ಯಾವ ಧಾಟಿಯಲ್ಲಿ ಹೇಳಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಕಾಯಬೇಕು, ಎಲ್ಲವನ್ನೂ ಬರೆಯುವವಳು ಅವಳೇ. ಎಂಟು ತಿಂಗಳು ಕೂತು ಬರೆದಿದ್ದಳು. ಮೊದಲ ಪುಟದಲ್ಲಿ ಆ ದನಿಯ ಜಾತಕ: ವಯಸ್ಸು ನಲವತ್ತೈದು, ಪಕ್ಕದ ಮನೆಯ ಅಕ್ಕನಂಥವಳು, ಗದರುವುದಿಲ್ಲ, ಅವಸರ ಮಾಡುವುದಿಲ್ಲ, ಕರೆ ಮಾಡಿದವರು ತಪ್ಪು ಗುಂಡಿ ಒತ್ತಿದರೂ ತಪ್ಪನ್ನು ತನ್ನ ಮೇಲೇ ಹಾಕಿಕೊಳ್ಳುತ್ತಾಳೆ.

ಪಕ್ಕದ ಮನೆಯವಳು ಅಂತ ಬರೆದದ್ದು ಶುದ್ಧ ಸುಳ್ಳು. ಅವಳು ಬರೆದದ್ದು ತನ್ನ ಒಡಹುಟ್ಟಿದ ಅಕ್ಕನನ್ನು. ಕರೆಂಟು ಹೋದರೆ ಅಕ್ಕ, "ಒಳ್ಳೇದಾಯ್ತು ಬಿಡು, ಸ್ವಲ್ಪ ಹೊತ್ತು ಸುಮ್ನೆ ಕೂರೋಣ" ಅನ್ನುವವಳು. ಬಸ್ಸು ತಪ್ಪಿದರೂ ಅದೇ ಮಾತು. ಆ ಮಾತನ್ನು ತಂಗಿ ಎತ್ತಿ ತಂದು, 'ಬಿಡು' ಇದ್ದದ್ದನ್ನು 'ಬಿಡಿ' ಮಾಡಿ, ಯಂತ್ರದ ಬಾಯಿಗೆ ಇಟ್ಟಿದ್ದಳು. ದನಿ ಕೊಟ್ಟ ಕಲಾವಿದೆ ಅದನ್ನು ಎಷ್ಟು ನಗುನಗುತ್ತಾ ಹೇಳಿದ್ದಳೆಂದರೆ ಕಚೇರಿಯವರೆಲ್ಲ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರು. ಅಕ್ಕ ಮಾತ್ರ ಆರು ವಾರದಿಂದ ಆ ಮಾತು ಆಡಿರಲಿಲ್ಲ. ಭಾವ ತೀರಿಕೊಂಡು ಆರು ವಾರವಾಗಿತ್ತು.

ಹೊಸ ದನಿ ಶುರುವಾಗುವುದು ಅಂದು ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು.

"ಪುಟ್ಟೀ, ನಿಮ್ ಭಾವನ ಖಾತೆ ವಿಷಯ ಬ್ಯಾಂಕಿಗೆ ಇವತ್ತು ಹೇಳ್ಬಿಡ್ತೀನಿ. ಎರಡು ಸಲ ಅಲ್ಲಿಗೇ ಹೋಗಿ, ಬಾಗಿಲಿಂದ್ಲೇ ವಾಪಸ್ ಬಂದೆ ಕಣೇ. ಹೇಳೋಕೆ ಬಾಯೇ ಬರಲ್ಲ. ಹನ್ನೆರಡು ಹೊಡೀಲಿ, ನೀನು ಬರೆದ ದನೀನೇ ಬರುತ್ತಲ್ಲ, ಅದಕ್ಕಾದ್ರೆ ಹೇಳ್ತೀನಿ."

"ಮಾಡಕ್ಕ. ನಾನೇ ಮಾತಾಡ್ಸಿದ ಹಾಗಿರುತ್ತೆ," ಅಂದಿದ್ದಳು ಇವಳು. ಅಂದವಳಿಗೆ ಹೆಮ್ಮೆ ಬೇರೆ.

ಹೆಮ್ಮೆ ಹನ್ನೊಂದೂವರೆಯವರೆಗೆ ಇತ್ತು. ಅಕ್ಕನ ಕರೆ ಸಾಗುವ ದಾರಿಯನ್ನು, ಅಂದರೆ ಸಾವಿನ ಸುದ್ದಿ ಹೇಳಿದರೆ ಬರುವ ಪ್ರಶ್ನೆಗಳ ಸಾಲನ್ನು, ತಾನೂ ಒಮ್ಮೆ ಕೇಳೋಣವೆಂದು ಸ್ಪೀಕರ್ ಹಾಕಿ ಪರೀಕ್ಷೆಯ ನಂಬರಿಗೆ ಕರೆ ಮಾಡಿದಳು. ದನಿಗಳನ್ನು ಕರೆಗೆ ಜೋಡಿಸುವ ಎಂಜಿನಿಯರ್, ಎಲ್ಲರೂ 'ವೈರು' ಎಂದು ಕರೆಯುವವನು, ಪಕ್ಕದಲ್ಲೇ ಕೂತಿದ್ದ. ಖಾತೆದಾರರು ತೀರಿಕೊಂಡಿದ್ದಾರೆ ಎಂದಳು. "ಸರಿ. ಖಾತೆ ಸಂಖ್ಯೆ ಹೇಳಿ" ಅಂತು ದನಿ. ಹೇಳಿದಳು. "ಗೊತ್ತಾಯ್ತು. ಅವರು ನಿಮಗೆ ಏನಾಗಬೇಕು?" ಗಂಡ ಎಂದಳು.

"ಒಳ್ಳೇದಾಯ್ತು ಬಿಡಿ!" ಅಂತು ದನಿ, ನಗುನಗುತ್ತಾ.

ಅವಳು ತಟ್ಟನೆ ಕರೆ ನಿಲ್ಲಿಸಿದಳು. ವೈರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಇದನ್ನ ಯಾರು ಇಲ್ಲಿ ಹಾಕಿದ್ದು?"

"ನೀವೇ ಮೇಡಂ." ವೈರು ಅವಳದೇ ಟಿಪ್ಪಣಿ ತೆರೆದು ತೋರಿಸಿದ. 'ಪ್ರತಿ ಉತ್ತರದ ನಂತರ ಮೂರು ಒಪ್ಪಿಗೆಯ ಮಾತುಗಳಲ್ಲಿ ಒಂದು, ಸರದಿಯಲ್ಲಿ, ತಪ್ಪದೆ.' 'ತಪ್ಪದೆ' ಎಂಬುದರ ಕೆಳಗೆ ಎರಡು ಗೆರೆ. ಒಂದೇ ಮಾತು ಮತ್ತೆ ಮತ್ತೆ ಬಂದರೆ ಯಂತ್ರ ಯಂತ್ರದ ಹಾಗೇ ಕೇಳಿಸುತ್ತದೆಂದು ಅವಳೇ ಮಾಡಿದ ಜಾಣತನ. ಸಾವಿನ ದಾರಿಯನ್ನು ಕೊನೆಯ ವಾರ ಸೇರಿಸಿದ್ದರು. ಅದಕ್ಕೆ ಪ್ರಶ್ನೆಗಳನ್ನಷ್ಟೇ ಬರೆದಳು, ಒಪ್ಪಿಗೆಯ ಮಾತು ತಾನಾಗಿ ಬಂದು ಕೂತಿತು. ಪರೀಕ್ಷೆ ಮಾಡಿದವರು ಎರಡು ಉತ್ತರ ಕೊಟ್ಟು, ದಾರಿ ಸರಿಯಿದೆ ಎಂದು ಫೋನ್ ಇಟ್ಟಿದ್ದರು. ಮೂರನೆಯದರ ತನಕ ಯಾರೂ ಹೋಗಿರಲಿಲ್ಲ.

"ತೆಗಿ ಇದನ್ನ. ಈಗ್ಲೇ."

"ತೆಗೆಯೋದು ಎರಡು ನಿಮಿಷದ ಕೆಲ್ಸ. ಆದ್ರೆ ಹತ್ತು ಗಂಟೆಗೇ ಎಲ್ಲಾ ಬೀಗ ಹಾಕಾಯ್ತಲ್ಲ. ಮುಖ್ಯಸ್ಥರ ಸಹಿ ಇಲ್ದೆ ಮುಟ್ಟಿದ್ರೆ ನನ್ ಕೆಲ್ಸ ಹೋಗುತ್ತೆ."

ಅಕ್ಕನಿಗೆ ಇದನ್ನು ಹೇಳುವ ಪ್ರಸಂಗವೇ ಬಾರದಂತೆ ಸರಿಮಾಡಿಬಿಡಬೇಕೆಂದು, ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಹತ್ತಿದಳು. ವಿಭಾಗದ ಮುಖ್ಯಸ್ಥರು ಮೇಜಿನ ಮೇಲೆ ಜಾಹೀರಾತು ಹರಡಿಕೊಂಡು ಕೂತಿದ್ದರು. ಅದರಲ್ಲೂ ದೊಡ್ಡ ಅಕ್ಷರದಲ್ಲಿ ಅದೇ ಮಾತು. ಏದುಸಿರು ಬಿಡುತ್ತಲೇ ಹೇಳಿ ಮುಗಿಸಿದಳು.

"ಸಾವಿರಕ್ಕೊಂದು ಕರೆ ಅಂಥದ್ದು ಬರುತ್ತೆ. ಮುಂದಿನ ವಾರ ಸರಿ ಮಾಡೋಣ ಬಿಡಿ," ಎಂದರು ಅವರು. ಕೆಟ್ಟವರೇನಲ್ಲ, ದಣಿದಿದ್ದರು.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಅವಳಿಗೆ ಕೋಪ ನೆತ್ತಿಗೇರಿತು. ವಾದ ಮಾಡಲಿಲ್ಲ. ಪರೀಕ್ಷೆಯ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಮುಂದಿಟ್ಟಳು.

"ನೀವೇ ಹೇಳಿ ಸರ್. ಖಾತೆದಾರರು ತೀರಿಕೊಂಡಿದ್ದಾರೆ ಅಂತ."

ಹನ್ನೊಂದು ಐವತ್ತು. ಅವರು ಗೊಣಗುತ್ತಾ ಹೇಳಿದರು. "ಸರಿ," ಅಂತು ದನಿ. "ಚೆನ್ನಾಗೇ ಇದೆಯಲ್ರೀ," ಎಂದರು. ತಮ್ಮದೇ ಖಾತೆಯ ಸಂಖ್ಯೆ ಹೇಳಿದರು. "ಗೊತ್ತಾಯ್ತು," ಅಂತು. "ಅವರು ನಿಮಗೆ ಏನಾಗಬೇಕು?"

ಅವರು ಯಾರನ್ನು ಬೇಕಾದರೂ ಹೇಳಬಹುದಿತ್ತು. ನಿಜವಾಗಿ ಕಳೆದುಕೊಂಡವರನ್ನೇ ಹೇಳಿದರು. "ತಾಯಿ," ಎಂದರು.

"ಒಳ್ಳೇದಾಯ್ತು ಬಿಡಿ!"

ಮುಖ್ಯಸ್ಥರು ಪೆನ್ನು ಹುಡುಕಿದರು. ಪೆನ್ನು ಕೈಯಲ್ಲೇ ಇತ್ತು.

ಸಹಿ ಬಿದ್ದಾಗ ಹನ್ನೊಂದು ಐವತ್ತೈದು. ಹನ್ನೆರಡಕ್ಕೆ ಕರೆಗಳನ್ನು ಹೊಸ ದನಿಗೆ ತಿರುಗಿಸುವುದು ಟೆಲಿಫೋನ್ ಕಂಪನಿಯ ಕೈಯಲ್ಲಿತ್ತು, ಅದನ್ನು ತಡೆಯಲು ಹಿಂದಿನ ದಿನವೇ ಹೇಳಬೇಕಿತ್ತು. ವೈರು ಆ ದಾರಿಯಿಂದ ಒಪ್ಪಿಗೆಯ ಮಾತುಗಳನ್ನೆಲ್ಲ ಕಿತ್ತು, ಸಾವಿನ ಸುದ್ದಿ ಹೇಳಿದ ಕೂಡಲೇ ಕರೆ ಮನುಷ್ಯರೊಬ್ಬರಿಗೆ ಹೋಗುವಂತೆ ಜೋಡಿಸಿದ. "ಎಲ್ಲಾ ಲೈನಿಗೂ ತಲುಪೋಕೆ ಇನ್ನು ಏಳು ನಿಮಿಷ," ಎಂದ. ಆಗ ಸರಿಯಾಗಿ ಹನ್ನೆರಡು.

ಹನ್ನೆರಡೂ ಏಳರ ತನಕ ಹಳೇ ತಪ್ಪೇ ಮಾತಾಡುತ್ತದೆ. ಅವಳು ಅಕ್ಕನಿಗೆ ಫೋನ್ ಮಾಡಿದಳು. ಬಿಜಿ. ಮತ್ತೆ ಮಾಡಿದಳು. ಬಿಜಿ. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಎರಡು. ದೇವರೇ, ಇವತ್ತೊಂದು ದಿನವಾದರೂ ಅಕ್ಕ ಯಾರ ಜೊತೆಗಾದರೂ ಸುಮ್ಮನೆ ಹರಟೆ ಹೊಡೆಯುತ್ತಿರಲಿ ಎಂದು ಬೇಡಿಕೊಂಡಳು. ಹನ್ನೆರಡೂ ನಾಲ್ಕು. ಬಿಜಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇಲ್ಲಿ ಆಡುವ ಮಾತನ್ನು ಎಂಟು ತಿಂಗಳು ಮೊದಲೇ ಬರೆದಿಟ್ಟಿದ್ದಳು, ಆದರೂ ತಡೆಯಲಾಗಲಿಲ್ಲ. ಹನ್ನೆರಡೂ ಏಳಕ್ಕೆ ವೈರು ತಲೆ ಎತ್ತಿ, "ಆಯ್ತು ಮೇಡಂ, ಎಲ್ಲಾ ಲೈನೂ ಸರಿಹೋಯ್ತು. ಅಷ್ಟರಲ್ಲಿ ಆ ದಾರಿಗೆ ಬಂದಿದ್ದು ಒಂದೇ ಕರೆ," ಎಂದ.

ಹನ್ನೆರಡೂ ಹನ್ನೊಂದಕ್ಕೆ ಅಕ್ಕನೇ ಫೋನ್ ಮಾಡಿದಳು.

"ಮಾಡ್ದೆ ಕಣೇ."

"ಎಷ್ಟೊತ್ತಿಗೆ ಅಕ್ಕಾ?"

"ಹನ್ನೆರಡು ಹೊಡೀತಿದ್ದ ಹಾಗೇ." "ಗಂಡ ಅಂದೆ. ಆರು ವಾರದಲ್ಲಿ ಮೊದಲನೇ ಸಲ ಬಾಯ್ಬಿಟ್ಟು ಹೇಳಿದ್ದು. ಅದು ನನ್ ಮಾತನ್ನೇ ನಂಗೆ ಹೇಳ್ತು."

ಅವಳು ಕುರ್ಚಿ ಎಳೆದು ಕೂತಳು. ಯಂತ್ರದ್ದು, ಸರದಿಯದ್ದು, ಪರೀಕ್ಷೆ ಮಾಡಿದವರದ್ದು, ಹೇಳಬಹುದಾದ ನೆಪ ಸಾಕಷ್ಟಿತ್ತು.

"ನಾನೇ ಅಕ್ಕಾ. ನಾನೇ ಬರೆದಿದ್ದು, ನಾನೇ ಅಲ್ಲಿ ಇಡಿಸಿದ್ದು. ನೋಡ್ಲಿಲ್ಲ. ತಪ್ಪಾಯ್ತು."

ಆ ಕಡೆ ಉಸಿರಾಟ ಕೇಳುತ್ತಿತ್ತು. ಎಂಟು ತಿಂಗಳು ಮೌನವನ್ನು ಸೆಕೆಂಡುಗಳಲ್ಲಿ ಅಳೆದವಳು ಈಗ ಅಳೆಯಲಿಲ್ಲ, ಕಾದಳು.

"ಅಳು ಬಂತು. ಫೋನ್ ಇಡೋದೂ ಮರೆತು, ರಿಸೀವರ್ ಕೈಯಲ್ಲಿ ಹಿಡ್ಕೊಂಡೇ ಚೆನ್ನಾಗಿ ಅತ್ತೆ," ಎಂದಳು ಅಕ್ಕ. "ಪುಟ್ಟೀ, ಇನ್ನು ಬೇರೆಯವ್ರಿಗೂ ಹಾಗೇ ಹೇಳುತ್ತಾ ಅದು?"

"ಇಲ್ಲಕ್ಕ. ತೆಗೆಸ್ದೆ. ಇನ್ ಯಾರಿಗೂ ಹೇಳಲ್ಲ. ಕರೆ ನೇರವಾಗಿ ಮನುಷ್ಯರ ಹತ್ರಾನೇ ಹೋಗುತ್ತೆ."

"ನನಗೊಬ್ಬಳಿಗೇನಾ?"

"ನಿನಗೊಬ್ಬಳಿಗೇ."

ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಒಳ್ಳೇದಾಯ್ತು ಬಿಡು," ಎಂದಳು ಮೆಲ್ಲಗೆ. ಆ ದನಿಯಲ್ಲಿ ನಗುವಿರಲಿಲ್ಲ. "ಸಂಜೆ ಮನೆಗೆ ಬಾ. ಬ್ಯಾಂಕಿಗೆ ಇನ್ನೊಂದು ಸಲ ಫೋನ್ ಮಾಡ್ಬೇಕು, ನೀನು ಪಕ್ಕದಲ್ಲಿ ಕೂತಿರು."